ಹತ್ತು ಸಾವಿರ ಪೌಂಡ್ ಬಾಗಲಕೋಟೆಯಿಂದ ಹೊರಡಲು ಹಿಡಿದ ಹತ್ತು ದಿನ

2025ರ ಸೆಪ್ಟೆಂಬರ್ 2, ಮಂಗಳವಾರ. ನವನಗರದಲ್ಲಿರುವ ನಮ್ಮ ಬ್ಯಾಂಕ್ ಶಾಖೆಗೆ ಬೆಳಿಗ್ಗೆ ಹತ್ತೂವರೆಗೆ ಹೋದೆ. ಕೈಯಲ್ಲಿ ಮಗನ ಪ್ರವೇಶಪತ್ರ, ವಿಶ್ವವಿದ್ಯಾಲಯದ ಇನ್ವಾಯ್ಸ್, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ನನ್ನ ಪ್ಯಾನ್ ಕಾರ್ಡ್. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್‌ಸಿ, ಒಟ್ಟು ಫೀ 20,000 ಪೌಂಡ್. ಮುಂಗಡವಾಗಿ 5,000 ಮೇ ತಿಂಗಳಲ್ಲೇ ಕಟ್ಟಿದ್ದೆವು. ಈಗ 10,000 ಕಟ್ಟಬೇಕು, ಕೊನೆಯ 5,000 ಜನವರಿಯಲ್ಲಿ. ಈ ಹತ್ತು ಸಾವಿರ ಸೆಪ್ಟೆಂಬರ್ 12ರೊಳಗೆ ಸೇರದಿದ್ದರೆ ಹೆಸರು ನೋಂದಾಯಿಸುವುದಿಲ್ಲ ಎಂದು ಇನ್ವಾಯ್ಸಿನಲ್ಲೇ ಬರೆದಿತ್ತು. ಹತ್ತು ದಿನ ಇದೆಯಲ್ಲ, ಸಾಕು ಅಂದುಕೊಂಡಿದ್ದೆ.

ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆಯವರು ಮುಧೋಳ ಕಡೆಯ ಊರಿನ ಹೊಲದಲ್ಲಿ ಕಬ್ಬು, ದಾಳಿಂಬೆ ಮಾಡುತ್ತಾರೆ. ಆ ಹತ್ತು ದಿನದಲ್ಲಿ ಏನಾಯಿತು, ಏಕಾಯಿತು ಎಂಬುದನ್ನು ಕಾಗದಗಳನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಮ್ಮ ಕಡೆಯ ಮಕ್ಕಳು ಈಗ ಹೊರದೇಶಕ್ಕೆ ಓದಲು ಹೋಗುವುದು ಹೆಚ್ಚಾಗಿದೆ. ಆದರೆ ಫೀ ಕಳಿಸುವ ಕೆಲಸ ಬಹುತೇಕ ಮನೆಗಳಲ್ಲಿ ಮೊದಲ ಸಲದ ಕೆಲಸ.

ಶಾಖೆಯಲ್ಲಿ ಕೂತಿದ್ದ ಹುಡುಗ ವಿನಯದವನು. ಅರ್ಜಿ ತುಂಬಿಸಲು ಅವನೇ ನೆರವಾದ.

“ಯಾರಿಗ್ರೀ ಮೇಡಂ ಕಳಸೂದು?” ಎಂದ.

“ಮಗನಿಗೆ” ಎಂದೆ.

“ಮಗಾ ಅಲ್ಲೇ ಅದಾನ್ರಿ?”

“ಈ ಭಾನುವಾರ ಹೊಂಟಾನಪಾ.”

ಅಷ್ಟು ಮಾತಿನ ಮೇಲೆ ಅವನು ಅರ್ಜಿಯಲ್ಲಿ ಒಂದು ಸಾಲಿಗೆ ಗುರುತು ಹಾಕಿದ, ನಾನು ಅದರ ಕೆಳಗೆ ಸಹಿ ಹಾಕಿದೆ. ಮುಂದಿನ ತೊಡಕಿನ ಬೇರು ಇರುವುದು ಆ ‘ಮಗನಿಗೆ’ ಎಂಬ ಒಂದು ಮಾತಿನಲ್ಲಿ.

ಹೊರದೇಶಕ್ಕೆ ರೂಪಾಯಿಯನ್ನು ಪೌಂಡ್ ಮಾಡಿ ಕಳಿಸುವಾಗ ತುಂಬುವ ಕಾಗದಕ್ಕೆ ಎ2 ಅರ್ಜಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ 2004ರಲ್ಲಿ ಶುರು ಮಾಡಿದ ಎಲ್‌ಆರ್‌ಎಸ್ ಎಂಬ ವ್ಯವಸ್ಥೆಯ ಪ್ರಕಾರ ಇಲ್ಲಿನ ನಿವಾಸಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು. ಆ ಮಿತಿ ನಮ್ಮಂಥವರಿಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಯಾವ ಉದ್ದೇಶಕ್ಕೆ ಕಳಿಸುತ್ತಿದ್ದೀರಿ ಎಂಬ ಘೋಷಣೆ. ಒಂದೊಂದು ಉದ್ದೇಶಕ್ಕೆ ಒಂದೊಂದು ಸಂಕೇತ ಇದೆ, ಬ್ಯಾಂಕಿನವರು ಅದನ್ನು ಪರ್ಪಸ್ ಕೋಡ್ ಎನ್ನುತ್ತಾರೆ. ‘ಮಗನಿಗೆ’ ಎಂದು ನಾನು ಹೇಳಿದ್ದರಿಂದ ಹುಡುಗ ಬರೆದದ್ದು `S1301`. ಅದು ಹೊರದೇಶದಲ್ಲಿರುವ ಕುಟುಂಬದವರ ಜೀವನ ನಿರ್ವಹಣೆಗೆ ಕಳಿಸುವ ಹಣದ ಸಂಕೇತ. ಅಲ್ಲಿ ಕೂತು ಓದುವ ವಿದ್ಯಾರ್ಥಿಯ ಫೀ, ಹಾಸ್ಟೆಲ್ ಖರ್ಚಿನ ಸಂಕೇತ `S0305`.

ಈ `S0305` ಕಣ್ಣಿಗೆ ಬೀಳದಿರುವುದಕ್ಕೂ ಕಾರಣವಿದೆ. ಪಟ್ಟಿಯಲ್ಲಿ ಅದು ಇರುವುದು ಪ್ರವಾಸದ ತಲೆಬರಹದ ಕೆಳಗೆ. ‘ಶಿಕ್ಷಣಕ್ಕಾಗಿ ಪ್ರಯಾಣ’ ಎಂಬ ಅರ್ಥದ ಹೆಸರು, ಫೀ ಮತ್ತು ಹಾಸ್ಟೆಲ್ ಖರ್ಚು ಅದರೊಳಗೇ ಸೇರುತ್ತದೆ. ಫೀ ಕಟ್ಟಲು ಬಂದವರು ಪ್ರವಾಸದ ಸಾಲುಗಳನ್ನು ಓದುವುದೇ ಇಲ್ಲ. ಕೆಳಗೆ ಇನ್ನೆಲ್ಲೋ `S1107` ಎಂದು ನೇರವಾಗಿ ಶಿಕ್ಷಣದ ಹೆಸರಿನ ಸಂಕೇತವೂ ಇದೆ. ಅದು ಊರಲ್ಲೇ ಕೂತು ಅಂಚೆಯ ಮೂಲಕ ಓದುವಂಥ ಕೋರ್ಸುಗಳಿಗೆ. ಮಗ ವಿಮಾನ ಹತ್ತಿ ಹೋಗಿ ತರಗತಿಯಲ್ಲಿ ಕೂರುವವನಾದರೆ ಅದೂ ನಮ್ಮದಲ್ಲ.

ಸಂಕೇತ ತಪ್ಪಾದರೆ ಬರೀ ಕಾಗದದ ತಪ್ಪಲ್ಲವೇ, ತಿದ್ದಿದರಾಯಿತು ಅನಿಸಬಹುದು. ಆದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್, ನಿಂತಿರುವುದೇ ಈ ಸಂಕೇತದ ಮೇಲೆ. ಎಲ್‌ಆರ್‌ಎಸ್ ಹಣದ ಮೇಲೆ ಟಿಸಿಎಸ್ ಬಂದದ್ದು 2020ರ ಅಕ್ಟೋಬರ್ 1ರಿಂದ. ನಾನು ಕಳಿಸಿದ 2025-26ರ ವರ್ಷದಲ್ಲಿ ಲೆಕ್ಕ ಹೀಗಿತ್ತು: ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಏನೂ ಇಲ್ಲ. ಅದರ ಮೇಲಿನ ಹಣಕ್ಕೆ, ಉದ್ದೇಶ ಶಿಕ್ಷಣವಾಗಿದ್ದರೆ ಶೇ. 5. ಕುಟುಂಬ ನಿರ್ವಹಣೆಯಂಥ ಬೇರೆ ಉದ್ದೇಶವಾಗಿದ್ದರೆ ಶೇ. 20. ಫೀ ಎಂದು ಬರೆಯುವ ಬದಲು ಮಗನ ನಿರ್ವಹಣೆ ಎಂದು ಬರೆದರೆ ತೆರಿಗೆ ನಾಲ್ಕು ಪಟ್ಟಾಗುತ್ತಿತ್ತು.

ನಮ್ಮ ಶಾಖೆಯಂಥ ಸಣ್ಣ ಶಾಖೆಗಳು ವಿದೇಶಿ ವಿನಿಮಯದ ಕೆಲಸ ತಾವೇ ಮಾಡುವುದಿಲ್ಲ. ಕಾಗದಗಳನ್ನು ಸ್ಕ್ಯಾನ್ ಮಾಡಿ ದೊಡ್ಡ ಊರಿನಲ್ಲಿರುವ ಕೇಂದ್ರ ಘಟಕಕ್ಕೆ ಕಳಿಸುತ್ತವೆ. ತೀರ್ಮಾನ ಅಲ್ಲಾಗುತ್ತದೆ, ಪ್ರಶ್ನೆ ಅಲ್ಲಿಂದ ಬರುತ್ತದೆ, ಉತ್ತರ ಮಾತ್ರ ಇಲ್ಲಿನ ಕೌಂಟರಿನಿಂದ ಹೋಗಬೇಕು. ಹಾಗಾಗಿ ಒಂದು ಪ್ರಶ್ನೆ ಬಂತೆಂದರೆ ಕಡಿಮೆಯೆಂದರೂ ಒಂದು ದಿನ ಹೋಯಿತು ಎಂದೇ ಲೆಕ್ಕ. ಇದು ನನಗೆ ಮೊದಲೇ ಗೊತ್ತಿದ್ದರೆ ಎರಡು ವಾರ ಮುಂಚೆ ಹೋಗುತ್ತಿದ್ದೆ.

ಮಂಗಳವಾರ ಬ್ಯಾಂಕ್ ಹೇಳಿದ ಪೌಂಡ್ ದರ 119 ರೂಪಾಯಿ 60 ಪೈಸೆ. ಹತ್ತು ಸಾವಿರಕ್ಕೆ 11,96,000. ಶೇ. 5ರ ಟಿಸಿಎಸ್ ಮತ್ತು ಬ್ಯಾಂಕಿನ ಖರ್ಚು ಹಿಡಿದು ಖಾತೆಯಲ್ಲಿ 12,60,000 ಇಟ್ಟಿದ್ದೆ. ಅದರಲ್ಲಿ 5 ಲಕ್ಷ ನಮ್ಮೂರಿನ ಪತ್ತಿನ ಸೌಹಾರ್ದ ಸಹಕಾರಿಯಿಂದ ತೆಗೆದ ಸಾಲ. ಹೊಲದ ಉತಾರ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುವುದರಿಂದ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ತಡವಾಗುತ್ತಿತ್ತು. ಸೌಹಾರ್ದದವರು ನನ್ನ ಸಂಬಳದ ಆಧಾರದ ಮೇಲೆ ನಾಲ್ಕು ದಿನದಲ್ಲಿ ಕೊಟ್ಟಿದ್ದರು.

ಗುರುವಾರ, 4ನೇ ತಾರೀಕು, ಶಾಖೆಯಿಂದ ಫೋನ್ ಬಂತು. “ಮೇಡಂ, ಖಾತೇದಾಗ ರೊಕ್ಕ ಸಾಲಂಗಿಲ್ಲಂತ ವಾಪಸ್ ಬಂದೈತ್ರಿ.” ಹನ್ನೆರಡು ಲಕ್ಷ ಅರವತ್ತು ಸಾವಿರ ಇಟ್ಟು ರೊಕ್ಕ ಸಾಲದು ಎಂದರೆ ಏನು? ಕ್ಲಾಸ್ ಮುಗಿಸಿ ಓಡಿದೆ. ಕಂಪ್ಯೂಟರಿನಲ್ಲಿ ತೋರಿಸಿದ ಲೆಕ್ಕ ನೋಡಿ ಕೈಕಾಲು ತಣ್ಣಗಾದವು. ಟಿಸಿಎಸ್ ಎಂಬ ಸಾಲಿನಲ್ಲಿ 1,54,200 ಇತ್ತು. ಮೇ ತಿಂಗಳಲ್ಲಿ ಬೇರೆ ಬ್ಯಾಂಕಿನಿಂದ ಕಳಿಸಿದ್ದ 5,75,000 ರೂಪಾಯಿಯನ್ನು ನಾನು ಅರ್ಜಿಯಲ್ಲಿ ಬರೆದಿದ್ದೆ. ಅದನ್ನೂ ಈಗಿನದ್ದನ್ನೂ ಕೂಡಿಸಿ, 10 ಲಕ್ಷ ಕಳೆದು, ಉಳಿದ 7,71,000ಕ್ಕೆ ಶೇ. 20 ಹಾಕಿದ್ದರು. ಟಿಸಿಎಸ್ ಕಳಿಸುವ ಹಣದಿಂದ ಕಡಿತವಾಗುವುದಿಲ್ಲ, ಅದರ ಮೇಲೆ ಬೇರೆಯಾಗಿ ಇರಬೇಕು. ಹಾಗಾಗಿ ಒಟ್ಟು ಹದಿಮೂರೂವರೆ ಲಕ್ಷ ಬೇಕಿತ್ತು. ನನ್ನ ಖಾತೆಯಲ್ಲಿ ಇಲ್ಲ. ಅರ್ಜಿ ಅಲ್ಲೇ ನಿಂತಿತ್ತು.

ಒಂದು ರೀತಿಯಲ್ಲಿ ಆ ದಿನ ಹಣ ಸಾಲದೇ ಹೋದದ್ದು ನಮ್ಮ ಪುಣ್ಯ. ಖಾತೆಯಲ್ಲಿ ಇನ್ನೊಂದು ಲಕ್ಷ ಇದ್ದಿದ್ದರೆ ಅದು ತಪ್ಪು ಸಂಕೇತದಲ್ಲೇ ಹೋಗಿಬಿಡುತ್ತಿತ್ತು. ಒಂದು ತಿಂಗಳಲ್ಲಿ ಸಂಗ್ರಹಿಸಿದ ಟಿಸಿಎಸ್ ಅನ್ನು ಬ್ಯಾಂಕ್ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟುತ್ತದೆ. ಕಟ್ಟಿದ ಮೇಲೆ ಬ್ಯಾಂಕಿನ ಹತ್ತಿರ ಕೇಳಿ ಪ್ರಯೋಜನವಿಲ್ಲ, ನಮ್ಮ ಆದಾಯ ತೆರಿಗೆಯ ಲೆಕ್ಕದಲ್ಲೇ ಪಡೆಯಬೇಕು.

ಶೇ. 20 ಏಕೆ ಎಂದು ಕೇಳಿದಾಗಲೇ ಸಂಕೇತದ ವಿಷಯ ಹೊರಬಂದದ್ದು. ಇನ್ವಾಯ್ಸಿನಲ್ಲಿ ಹಣ ಪಡೆಯುವವರು ವಿಶ್ವವಿದ್ಯಾಲಯ, ಅರ್ಜಿಯಲ್ಲಿ ಉದ್ದೇಶ ಕುಟುಂಬ ನಿರ್ವಹಣೆ. ಎರಡು ಕಾಗದ ಎರಡು ಮಾತು ಹೇಳುತ್ತಿದ್ದವು. ಹುಡುಗ ಪಾಪ ಬಹಳ ನೊಂದುಕೊಂಡ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ವರ್ಷಕ್ಕೆ ನಾಲ್ಕೈದು ಇಂಥ ಅರ್ಜಿ ಬರುವ ಶಾಖೆಯಲ್ಲಿ ಅವನಿಗೆ ಯಾರೂ ಇದನ್ನು ಕಲಿಸಿರಲಿಲ್ಲ. ಅಲ್ಲದೆ ಆ ಘೋಷಣೆಗೆ ಸಹಿ ಹಾಕಿದವಳು ನಾನು. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಅದರ ಹೊಣೆಯೂ ನನ್ನದೇ. ಸಹಿ ಮಾಡುವ ಮುಂಚೆ ಆ ನಾಲ್ಕಂಕಿಯ ಸಂಕೇತ ಏನೆಂದು ಓದಬೇಕಿತ್ತು, ನಾನು ಓದಲಿಲ್ಲ.

ಶುಕ್ರವಾರ 5ನೇ ತಾರೀಕು ಈದ್ ಮಿಲಾದ್ ರಜೆ. ಶನಿವಾರ ಶಾಖೆ ತೆರೆದಿತ್ತು, ಹೊಸ ಎ2 ಅರ್ಜಿ ತುಂಬಿ `S0305` ಎಂದು ನಾನೇ ಕೈಯಾರೆ ಬರೆದೆ. ಆದರೆ ಶನಿವಾರ, ಭಾನುವಾರ ವಿನಿಮಯ ಪೇಟೆ ಇರುವುದಿಲ್ಲ. ಅರ್ಜಿ ಸೋಮವಾರದವರೆಗೆ ಕೂತೇ ಇತ್ತು. ಭಾನುವಾರ ಮಗನನ್ನು ಕಳಿಸಿಕೊಟ್ಟೆವು. ಫೀ ಕಟ್ಟಿದ್ದೀರಾ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡನೇ ಅರ್ಜಿಯಲ್ಲಿ ನಾನು ಒಂದು ಹೊಸ ಮಾತು ಸೇರಿಸಿದ್ದೆ. ಕಾಲೇಜಿನ ಸಹೋದ್ಯೋಗಿಯೊಬ್ಬರು, “ಸಾಲ ತಗೊಂಡು ಫೀ ಕಟ್ಟಿದ್ರ ಈ ವರ್ಷದಿಂದ ಟಿಸಿಎಸ್ಸೇ ಇಲ್ಲ, ಗೊತ್ತಿಲ್ಲೇನ್ರಿ?” ಎಂದಿದ್ದರು. ಅವರು ಹೇಳಿದ್ದು ನಿಜ. 2025ರ ಏಪ್ರಿಲ್ 1ರಿಂದ ಶಿಕ್ಷಣ ಸಾಲದ ಹಣಕ್ಕೆ ಟಿಸಿಎಸ್ ಪೂರ್ತಿ ತೆಗೆದಿದ್ದಾರೆ. ನನ್ನ ಹಣದಲ್ಲಿ 5 ಲಕ್ಷ ಸಾಲದ್ದೇ ಆಗಿತ್ತು. ಸೌಹಾರ್ದದ ಮಂಜೂರಾತಿ ಪತ್ರ ಲಗತ್ತಿಸಿ, ಅಷ್ಟಕ್ಕೆ ಟಿಸಿಎಸ್ ಬೇಡ ಎಂದು ಕೇಳಿದೆ.

ಮಂಗಳವಾರ 9ರಂದು ಕೇಂದ್ರ ಘಟಕದಿಂದ ಪ್ರಶ್ನೆ ಬಂತು, ಈ ಸಲ ಎರಡು.

ಮೊದಲನೆಯದು ಸಾಲದ್ದು. ಟಿಸಿಎಸ್ ವಿನಾಯಿತಿ ಇದ್ದದ್ದು ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಲ್ಲಿ ಹೇಳಿದ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲಕ್ಕೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಒಳಪಟ್ಟ ಬ್ಯಾಂಕುಗಳು, ಜೊತೆಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ಸಂಸ್ಥೆಗಳು ಅದರಲ್ಲಿ ಬರುತ್ತವೆ. ನಮ್ಮ ಪತ್ತಿನ ಸೌಹಾರ್ದ ಎರಡರಲ್ಲೂ ಇಲ್ಲ, ಅದು ಬ್ಯಾಂಕೇ ಅಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಓಣಿಗೊಂದು ಸೌಹಾರ್ದ ಇದೆ. ನಮಗೆ ಹೊತ್ತಿಗೆ ಒದಗುವುದೂ ಅವೇ. ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಅಲ್ಲಿಂದ ತಂದ ಹಣ ಫೀಗೇ ಹೋದರೂ ಟಿಸಿಎಸ್ ಲೆಕ್ಕದಲ್ಲಿ ಅದು ನಿಮ್ಮ ಸ್ವಂತ ಹಣದಂತೆಯೇ. ಮುಂದೆ ಆ ಸಾಲದ ಬಡ್ಡಿಗೆ ಶಿಕ್ಷಣ ಸಾಲದ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ. ಅದೇ ಕಾಲೇಜು ಮಿತ್ರರ ಮಗಳ ಸಾಲ ರಾಷ್ಟ್ರೀಕೃತ ಬ್ಯಾಂಕಿನದು, ಬ್ಯಾಂಕೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಿತ್ತು. ಅವರಿಗೆ ಅನ್ವಯಿಸಿದ್ದು ನನಗೆ ಅನ್ವಯಿಸಲಿಲ್ಲ.

ಎರಡನೇ ಪ್ರಶ್ನೆ ಓದಿದಾಗ ಮೊದಲು ತಲೆಗೆ ಹೋಗಲೇ ಇಲ್ಲ. ‘ಈ ಪ್ಯಾನ್ ಮೇಲೆ ಆಗಸ್ಟ್ ತಿಂಗಳಲ್ಲಿ ಇನ್ನೊಂದು ವ್ಯವಹಾರ ಕಾಣುತ್ತಿದೆ, ಘೋಷಣೆಯಲ್ಲಿ ಇಲ್ಲ, ವಿವರ ಕೊಡಿ.’ ನಾನು ಆಗಸ್ಟಿನಲ್ಲಿ ಎಲ್ಲಿಗೂ ಹಣ ಕಳಿಸಿರಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರೇ ನೆನಪಿಸಿದರು.

“ಆ ಕಾರ್ಡಿಗೆ ರೊಕ್ಕ ಹಾಕಿಸಿದ್ದಿಯಲ್ಲ, ಅದನ್ನ ಬರದೀ ಏನ?”

ಬರೆದಿರಲಿಲ್ಲ. ಮಗನ ಕೈಖರ್ಚಿಗೆಂದು ಆಗಸ್ಟಿನಲ್ಲಿ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್ ಮಾಡಿಸಿ 1,25,000 ರೂಪಾಯಿಯ ಪೌಂಡ್ ಹಾಕಿಸಿದ್ದೆ, ನನ್ನ ಪ್ಯಾನ್ ಕೊಟ್ಟು. ಅದು ‘ಕಳಿಸಿದ್ದು’ ಎಂದು ನನಗೆ ಅನಿಸಿರಲೇ ಇಲ್ಲ, ಕಾರ್ಡು ಮನೆಯಲ್ಲೇ ಇತ್ತಲ್ಲ. ಆದರೆ ರೂಪಾಯಿ ಪೌಂಡ್ ಆದ ಕ್ಷಣವೇ ಅದು ಎಲ್‌ಆರ್‌ಎಸ್ ಲೆಕ್ಕಕ್ಕೆ ಸೇರಿಬಿಡುತ್ತದೆ. ವಿದೇಶಿ ವಿನಿಮಯ ನಡೆಸುವ ಬ್ಯಾಂಕುಗಳು ಯಾವ ಪ್ಯಾನ್ ಮೇಲೆ ಎಷ್ಟು ಹೋಯಿತೆಂದು ದಿನದಿನದ ವರದಿಯನ್ನು ರಿಸರ್ವ್ ಬ್ಯಾಂಕಿಗೆ ಕೊಡಬೇಕು. ಇನ್ನೊಂದು ಬ್ಯಾಂಕ್ ಅದನ್ನು ಪ್ಯಾನ್ ಹಾಕಿ ನೋಡಬಲ್ಲದು. ಮೊದಲ ಸಲ ಅರ್ಜಿ ಹಣ ಸಾಲದೆಂದು ಅರ್ಧದಲ್ಲೇ ನಿಂತಿದ್ದರಿಂದ ಈ ಪರಿಶೀಲನೆಯವರೆಗೆ ಹೋಗಿರಲಿಲ್ಲ.

ಇಲ್ಲಿ ಹಲವರಿಗೆ ಒಂದು ತಪ್ಪು ಗ್ರಹಿಕೆ ಇದೆ, ನನಗೂ ಇತ್ತು. 10 ಲಕ್ಷದ ಮಿತಿ ಒಂದೊಂದು ಬ್ಯಾಂಕಿಗೆ ಬೇರೆ, ಒಂದೊಂದು ಉದ್ದೇಶಕ್ಕೆ ಬೇರೆ ಎಂದು. ಹಾಗಿಲ್ಲ. ಒಬ್ಬರ ಪ್ಯಾನಿಗೆ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಎಲ್ಲ ಬ್ಯಾಂಕು, ಎಲ್ಲ ಉದ್ದೇಶ ಸೇರಿ ಒಂದೇ 10 ಲಕ್ಷ. ಮೊದಲು ಕಳಿಸಿದ್ದು ಮಿತಿಯನ್ನು ತಿನ್ನುತ್ತಾ ಬರುತ್ತದೆ. ಮೇ ತಿಂಗಳ 5,75,000 ಮತ್ತು ಕಾರ್ಡಿನ 1,25,000 ಸೇರಿ ನನ್ನ ಮಿತಿಯಲ್ಲಿ 7 ಲಕ್ಷ ಆಗಲೇ ಮುಗಿದಿತ್ತು. ಉಳಿದದ್ದು ಬರೀ 3 ಲಕ್ಷ.

ಬುಧವಾರ 10ರಂದು ಮೂರನೇ ಘೋಷಣೆ ಬರೆದೆ. ಉದ್ದೇಶ `S0305`. ಹಿಂದಿನ ಎರಡೂ ವ್ಯವಹಾರ, ತಾರೀಕು ಮತ್ತು ಮೊತ್ತದೊಂದಿಗೆ. ಸಾಲದ ವಿನಾಯಿತಿಯ ಕೋರಿಕೆ ಕೈಬಿಟ್ಟೆ. ಕಾರ್ಡಿನ ರಸೀದಿ, ಮೇ ತಿಂಗಳ ಹಣ ಹೊರಟದ್ದಕ್ಕೆ ಪುರಾವೆಯಾದ ಸ್ವಿಫ್ಟ್ ಪ್ರತಿ ಲಗತ್ತಿಸಿದೆ. ಹಣ ಪಡೆಯುವವರ ವಿವರದ ಕೆಳಗೆ ಸಂದೇಶದ ಜಾಗದಲ್ಲಿ ಮಗನ ವಿದ್ಯಾರ್ಥಿ ಸಂಖ್ಯೆ ಬರೆಸಿದೆ. ಅದಿಲ್ಲದೆ ಹೋದ ಹಣ ವಿಶ್ವವಿದ್ಯಾಲಯಕ್ಕೆ ಸೇರಿದರೂ ಯಾರ ಹೆಸರಿಗೆ ಹಾಕಬೇಕೆಂದು ತಿಳಿಯದೆ ಅಲ್ಲೇ ಕೂತಿರುತ್ತದೆ. ದಾರಿಯ ಬ್ಯಾಂಕುಗಳ ಶುಲ್ಕವನ್ನೂ ನಾವೇ ಕೊಡುವುದಾಗಿ ಹೇಳಿದೆ. ಇಲ್ಲದಿದ್ದರೆ ನಡುವಿನ ಬ್ಯಾಂಕ್ ತನ್ನ ಪಾಲು ಮುರಿದುಕೊಂಡು, ಅಲ್ಲಿ ಹತ್ತು ಸಾವಿರಕ್ಕೆ ಹತ್ತಿಪ್ಪತ್ತು ಪೌಂಡ್ ಕಡಿಮೆ ಬೀಳುತ್ತದೆ.

11ನೇ ತಾರೀಕು, ಗುರುವಾರ ಮಧ್ಯಾಹ್ನ ಖಾತೆಯಿಂದ ಹಣ ಹೋಯಿತು. ಆ ದಿನದ ದರ 120 ರೂಪಾಯಿ. ಕಾದದ್ದಕ್ಕೆ ದರದಲ್ಲೇ 4,000 ಹೆಚ್ಚು ಹೋಯಿತು. ಲೆಕ್ಕ ಹೀಗೆ: ಫೀ 12 ಲಕ್ಷ. ಹಿಂದಿನ 7 ಲಕ್ಷ ಸೇರಿ 19 ಲಕ್ಷ, ಅದರಲ್ಲಿ 10 ಲಕ್ಷ ಬಿಟ್ಟು ಉಳಿದ 9 ಲಕ್ಷಕ್ಕೆ ಶೇ. 5ರಂತೆ ಟಿಸಿಎಸ್ 45,000. ಹಣ ವಿನಿಮಯದ ಜಿಎಸ್‌ಟಿ 1,026. ಬ್ಯಾಂಕುಗಳ ಶುಲ್ಕ ಎರಡೂವರೆ ಸಾವಿರದ ಆಸುಪಾಸು. ನಾನಿಟ್ಟಿದ್ದ 12,60,000ದಲ್ಲಿ ಎಲ್ಲ ಮುಗಿದು ಹನ್ನೊಂದು ಸಾವಿರ ಚಿಲ್ಲರೆ ಉಳಿಯಿತು. ಇದೇ 9 ಲಕ್ಷಕ್ಕೆ `S1301` ಸಂಕೇತ ಇದ್ದಿದ್ದರೆ 1,80,000 ಆಗುತ್ತಿತ್ತು.

ಶುಕ್ರವಾರ ಗಡುವಿನ ದಿನ. ಮಗ ಅಲ್ಲಿಂದ ಫೋನ್ ಮಾಡಿದ. “ಅವ್ವಾ, ಪೋರ್ಟಲ್‌ನ್ಯಾಗ ಫೀ ಬಾಕಿ ಅಂತ ಕೆಂಪು ಅಕ್ಷರದಾಗ ತೋರಸಾಕತ್ತೈತಿ.” ಆಗ ಅವನಿಗೆ ಎಲ್ಲ ಹೇಳಿದೆ. ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ ಕೇಳಿ ಪಡೆದಿದ್ದೆ. ಹಣ ಹೊರಟ ದಿನ, ಮೊತ್ತ, ಯಾವ ಖಾತೆಗೆ, ಜಾಡು ಹಿಡಿಯುವ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಅದನ್ನು ಮಗ ವಿಶ್ವವಿದ್ಯಾಲಯದ ಫೀ ವಿಭಾಗಕ್ಕೆ ಮಿಂಚಂಚೆ ಮಾಡಿದ. ಸಂಜೆಗೆ ಉತ್ತರ ಬಂತು, 19ರವರೆಗೆ ಸಮಯ ಕೊಟ್ಟಿದ್ದೇವೆ ಎಂದು. ಬ್ಯಾಂಕಿನವರು ತಾವಾಗಿ ಈ ಪ್ರತಿ ಕೊಡುವುದಿಲ್ಲ. ಖಾತೆಯಿಂದ ಹಣ ಕಡಿತವಾದ ಎಸ್‌ಎಂಎಸ್ ತೋರಿಸಿದರೆ ಅಲ್ಲಿನವರು ಒಪ್ಪುವುದಿಲ್ಲ. ಹಣ ಹೊರಟ ದಿನವೇ ಕೇಳಿ ತೆಗೆದುಕೊಳ್ಳಬೇಕು. 16ರಂದು ಹಣ ಸೇರಿತು, 17ರಂದು ರಸೀದಿ ಬಂತು. ಸರಿಯಾಗಿ 10,000 ಪೌಂಡ್, ಒಂದು ಪೆನ್ನಿ ಕಡಿಮೆ ಇರಲಿಲ್ಲ.

ಇನ್ನು ಆ 45,000 ರೂಪಾಯಿ. ಅದು ದಂಡವಲ್ಲ, ಖರ್ಚೂ ಅಲ್ಲ. ನನ್ನ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ಆದಾಯ ತೆರಿಗೆ. ಯಾರ ಪ್ಯಾನ್‌ನಿಂದ ಹಣ ಹೋಯಿತೋ ಅವರಿಗೇ ಅದು ಜಮಾ. ಮರಳಿ ಪಡೆಯುವ ದಾರಿ ಮಾತ್ರ ಆ ವ್ಯಕ್ತಿಯ ತೆರಿಗೆ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ನನ್ನ ಸಂಬಳದಿಂದ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ತೆರಿಗೆ ಹೋಗುತ್ತದೆ, ತಿಂಗಳಿಗೆ ಹನ್ನೆರಡೂವರೆ ಸಾವಿರದಂತೆ. 2024ರ ಅಕ್ಟೋಬರ್‌ನಿಂದ ಸಂಬಳದಾರರಿಗೆ ಒಂದು ಅನುಕೂಲ ಬಂದಿದೆ. ಆಗಿನ 12ಬಿಎಎ ಎಂಬ ನಮೂನೆಯಲ್ಲಿ ನಮ್ಮ ಟಿಸಿಎಸ್ ವಿವರ ಬರೆದು ಸಂಬಳ ಕೊಡುವವರಿಗೆ ಕೊಟ್ಟರೆ, ಉಳಿದ ತಿಂಗಳುಗಳ ತೆರಿಗೆ ಕಡಿತದಲ್ಲಿ ಅವರು ಅದನ್ನು ವಜಾ ಮಾಡಬೇಕಿತ್ತು. ಬ್ಯಾಂಕ್ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ವಿವರವನ್ನು ಅಕ್ಟೋಬರ್ 15ರೊಳಗೆ ಸಲ್ಲಿಸಬೇಕಿತ್ತು, ಆಮೇಲೆ ಹದಿನೈದು ದಿನದಲ್ಲಿ 27ಡಿ ಎಂಬ ಪ್ರಮಾಣಪತ್ರ ಕೊಡಬೇಕಿತ್ತು. ನವೆಂಬರ್ ಮೊದಲ ವಾರ ಆದಾಯ ತೆರಿಗೆ ಪೋರ್ಟಲ್‌ನಲ್ಲಿ, ನಮ್ಮ ಹೆಸರಿಗೆ ಜಮಾ ಆದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆರೆದು ನೋಡಿದೆ. 45,000 ಇತ್ತು, ನನ್ನ ಪ್ಯಾನ್‌ನಲ್ಲೇ. ಕಾಲೇಜಿನ ಆಫೀಸಿನಲ್ಲಿ 12ಬಿಎಎ ಕೊಟ್ಟಾಗ ಮ್ಯಾನೇಜರು, “ಇದು ಯಾವ ಫಾರ್ಮ್ ರೀ, ಇಲ್ಲೀತನಾ ಯಾರೂ ಕೊಟ್ಟಿಲ್ಲ” ಎಂದರು. 26ಎಎಸ್ ಮುದ್ರಿಸಿ ಜೊತೆಗಿಟ್ಟು ಕೊಟ್ಟೆ, ಎರಡು ದಿನ ಓದಿ ಒಪ್ಪಿಕೊಂಡರು. ನಾಲ್ಕು ತಿಂಗಳ ಸಂಬಳದಲ್ಲಿ ಆ ಹಣ ನನಗೆ ಮರಳಿತು.

ಈಗ ಆ 1,80,000 ಹೋಗಿದ್ದರೆ ಏನಾಗುತ್ತಿತ್ತು ನೋಡಿ. ಅದು ನನ್ನ ಇಡೀ ವರ್ಷದ ತೆರಿಗೆಗಿಂತ ಹೆಚ್ಚು. ನವೆಂಬರ್ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತೆರಿಗೆ ಸಂಬಳದಿಂದ ಆಗಲೇ ಕಡಿತವಾಗಿರುತ್ತದೆ. 12ಬಿಎಎ ಕೊಟ್ಟರೂ ವಜಾ ಆಗುವುದು ಉಳಿದ ಐವತ್ತು ಸಾವಿರದಷ್ಟೇ. ಮಿಕ್ಕ ಒಂದು ಲಕ್ಷ ಮೂವತ್ತು ಸಾವಿರಕ್ಕೆ ಮುಂದಿನ ವರ್ಷ ರಿಟರ್ನ್ ಸಲ್ಲಿಸಿ ಮರುಪಾವತಿ ಬರುವವರೆಗೆ ಕಾಯಬೇಕಿತ್ತು, ಅತ್ತ ಸೌಹಾರ್ದಕ್ಕೆ ಬಡ್ಡಿ ಕಟ್ಟುತ್ತ. ‘ವಾಪಸ್ ಬರೂ ರೊಕ್ಕ, ಯಾಕ ಚಿಂತಿ’ ಎಂದು ಸಲೀಸಾಗಿ ಹೇಳುವವರು ಈ ಲೆಕ್ಕ ಮಾಡಿರುವುದಿಲ್ಲ.

ನಮ್ಮ ಮನೆಯವರ ಹೆಸರಿನಿಂದ ಇಷ್ಟೂ ಹಣ ಹೋಗಿದ್ದರೆ ಕಷ್ಟ ಇನ್ನೊಂದು ಬಗೆಯದು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅವರು ಎಂದೂ ರಿಟರ್ನ್ ಸಲ್ಲಿಸಿದವರಲ್ಲ. ಅವರ ಪ್ಯಾನ್ ಮೇಲೆ ಟಿಸಿಎಸ್ ಕಟ್ಟಿಸಿಕೊಂಡರೆ ವಜಾ ಮಾಡಿಕೊಳ್ಳಲು ತೆರಿಗೆಯೇ ಇರುವುದಿಲ್ಲ. ಆ ಹಣಕ್ಕಾಗಿಯೇ ಹೊಸದಾಗಿ ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಬೇಕು. ಸಲ್ಲಿಸದಿದ್ದರೆ ಹಣ ಸರ್ಕಾರದಲ್ಲೇ ಉಳಿಯುತ್ತದೆ. ನಮ್ಮೂರ ಕಡೆ ಕಬ್ಬಿನ ಬಿಲ್ಲಿನಿಂದ ಫೀ ಕಳಿಸಿದ ಒಕ್ಕಲುತನದ ಮನೆಯವರು ಹೀಗೆ ಬಿಟ್ಟುಕೊಟ್ಟದ್ದನ್ನು ನಾನು ಆಮೇಲೆ ಕೇಳಿದೆ. ನನಗೆ ನಿಜಕ್ಕೂ ಸಂಕಟವಾಯಿತು, ಅದು ಅವರದೇ ದುಡ್ಡು.

ಆದರೆ 10 ಲಕ್ಷದ ಮಿತಿ ಒಳಗಿದ್ದರೆ ಅವರಿಗೆ ಟಿಸಿಎಸ್ ಪ್ರಶ್ನೆಯೇ ಇಲ್ಲ. ಜನವರಿಯ ಕೊನೆಯ ಕಂತನ್ನು ಅದಕ್ಕೇ ಅವರಿಂದ ಕಳಿಸಿದೆವು. ನನ್ನ ಹೆಸರಿನಿಂದ ಹೋದರೆ ಮಿತಿ ಮುಗಿದಿರುವುದರಿಂದ ಮೊದಲ ರೂಪಾಯಿಯಿಂದಲೇ ಶೇ. 5 ಬೀಳುತ್ತಿತ್ತು. ಅವರ ಪ್ಯಾನ್‌ನಲ್ಲಿ ಆ ವರ್ಷ ಏನೂ ಹೋಗಿರಲಿಲ್ಲ, ಕಂತು ಆರು ಲಕ್ಷ ಚಿಲ್ಲರೆ. ಇದರಲ್ಲಿ ಕಳ್ಳದಾರಿ ಏನಿಲ್ಲ, ಮಿತಿ ಒಬ್ಬೊಬ್ಬರಿಗೆ ಬೇರೆ ಬೇರೆ. ಆದರೆ ಹಣ ಅವರದೇ ಆಗಿರಬೇಕು, ಘೋಷಣೆಯಲ್ಲಿ ಹಾಗೆಂದು ಸಹಿ ಮಾಡಬೇಕು. ನನ್ನ ಖಾತೆಯ ಹಣ ಅವರ ಖಾತೆಗೆ ಹಾಕಿ ಕಳಿಸುವುದಕ್ಕೆ ನಾನು ಒಪ್ಪಲಿಲ್ಲ. ದಾಳಿಂಬೆ ಮಾರಿದ ಹಣ, ಸಕ್ಕರೆ ಕಾರ್ಖಾನೆಯ ಬಿಲ್ಲು ಜಮಾ ಆದ ಖಾತೆಯ ಆರು ತಿಂಗಳ ವಿವರ, ಉತಾರ, ಕಾರ್ಖಾನೆಯ ಚೀಟಿಗಳನ್ನು ಜೋಡಿಸಿದೆವು. ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಡಿಸೆಂಬರಿನಲ್ಲೇ ನೋಡಿಕೊಂಡೆವು.

2026ರ ಫೆಬ್ರವರಿ ಬಜೆಟ್ಟಿನಲ್ಲಿ ಶಿಕ್ಷಣದ ಟಿಸಿಎಸ್ ದರವನ್ನು ಶೇ. 5ರಿಂದ 2ಕ್ಕೆ ಇಳಿಸುವ ಪ್ರಸ್ತಾಪ ಬಂತು. ನಮ್ಮ ಕಂತುಗಳು ಅದಕ್ಕೆ ಮುಂಚೆಯೇ ಮುಗಿದಿದ್ದವು. ಕಳಿಸುವವರು ಆಯಾ ವರ್ಷದ ದರವನ್ನು ಬ್ಯಾಂಕಿನಲ್ಲಿ ಕೇಳಿಕೊಂಡೇ ಖಾತೆಯಲ್ಲಿ ಹಣ ಇಡಬೇಕು. ದರ ಇಳಿದರೂ ಶಿಕ್ಷಣದ ಸಂಕೇತ ಬರೆಯದವರಿಗೆ ಅದು ಸಿಗುವುದಿಲ್ಲ.

ಜನವರಿಯಲ್ಲಿ ಅದೇ ಶಾಖೆ, ಅದೇ ಹುಡುಗ. ನಮ್ಮ ಮನೆಯವರು ಕುರ್ಚಿಯಲ್ಲಿ ಕೂತರು, ನಾನು ಪಕ್ಕದಲ್ಲಿ ನಿಂತಿದ್ದೆ. ಹುಡುಗ ಅರ್ಜಿ ತೆಗೆದು ಈ ಸಲ ಬೇರೆಯದನ್ನೇ ಕೇಳಿದ: “ಕಾಕಾ, ರೊಕ್ಕ ಯಾರ ಖಾತೇಕ ಜಮಾ ಆಗೂದ್ರಿ?”

“ಯುನಿವರ್ಸಿಟಿ ಖಾತೇಕಪಾ” ಎಂದರು ಅವರು.

ಅವನು `S0305` ಎಂದು ಬರೆದು, ಅರ್ಜಿಯನ್ನು ಅವರ ಕಡೆ ತಿರುಗಿಸಿ, ಸಂಕೇತದ ಮೇಲೆ ಬೆರಳಿಟ್ಟು ತೋರಿಸಿದ. ಅವರು ಓದಿ ಸಹಿ ಮಾಡಿದರು. ಮೂರನೇ ದಿನ ಹಣ ಹೋಯಿತು, ಟಿಸಿಎಸ್ ಸಾಲಿನಲ್ಲಿ ಸೊನ್ನೆ ಇತ್ತು.